ಶಾಲೆಯ ಚಿತ್ರಕಲಾ ಪ್ರದರ್ಶನ: ಪ್ರಾಂಶುಪಾಲರ ಆರಂಭದ ಮಾತು ಹೇಗಿರಬೇಕು? ಕರಡು ಹಾಕಿದ್ದೇನೆ, ತಿದ್ದಿಕೊಡಿ

ಸಾಗರದ ಪ್ರಾಂಶುಪಾಲೆ

ಎಲ್ಲರಿಗೂ ನಮಸ್ಕಾರ. ನಾನು ಸಾಗರ ತಾಲ್ಲೂಕಿನ ಒಂದು ಶಾಲೆಯ ಪ್ರಾಂಶುಪಾಲೆ. ಪಾಠ ಮಾಡುವುದು ಗಣಿತ, ಚಿತ್ರಕಲೆಯ ಬಗ್ಗೆ ತಿಳಿವಳಿಕೆ ಕಡಿಮೆ. ಬರುವ ಶನಿವಾರ ನಮ್ಮ ಮಕ್ಕಳ ವಾರ್ಷಿಕ ಚಿತ್ರಕಲಾ ಪ್ರದರ್ಶನವಿದೆ. ಎರಡು ಕೊಠಡಿಗಳಲ್ಲಿ ಮತ್ತು ಜಗಲಿಯಲ್ಲಿ ಒಟ್ಟು 74 ಚಿತ್ರಗಳನ್ನು ತೂಗುಹಾಕುತ್ತಿದ್ದೇವೆ. ಕಳೆದ ವರ್ಷ ಆರಂಭದ ಮಾತನ್ನು ನಾನು ಹನ್ನೊಂದು ನಿಮಿಷ ಆಡಿದೆ. ಮಾತು ಮುಗಿದ ಮೇಲೆ ಪೋಷಕರು ಒಳಗೆ ಹೋಗಿ, ತಮ್ಮ ಮಗುವಿನ ಚಿತ್ರವೊಂದನ್ನು ನೋಡಿ, ಫೋಟೊ ತೆಗೆದುಕೊಂಡು, ಐದು ನಿಮಿಷದೊಳಗೆ ಹೊರಗೆ ಬಂದುಬಿಟ್ಟರು. ಮಕ್ಕಳು ಮೂರು ತಿಂಗಳು ಕುಳಿತು ಮಾಡಿದ ಕೆಲಸಕ್ಕೆ ಅಷ್ಟೇ ನೋಟ ಸಿಕ್ಕಿತಲ್ಲ ಎಂಬ ನೋವು ನನ್ನಲ್ಲಿ ಈಗಲೂ ಇದೆ. ಅದಕ್ಕೇ ಈ ಸಲ ಮೊದಲೇ ಬರೆದುಕೊಂಡಿದ್ದೇನೆ. ಮುಖ್ಯ ಭಾಗ ಹೀಗಿದೆ:

"ಕಲೆ ಮಾನವನ ಅಂತರಂಗದ ಅಭಿವ್ಯಕ್ತಿ. ಪ್ರತಿಯೊಂದು ಮಗುವಿನಲ್ಲಿಯೂ ಒಬ್ಬ ಕಲಾವಿದ ಅಡಗಿದ್ದಾನೆ. ಇಲ್ಲಿರುವ 74 ಚಿತ್ರಗಳೂ ನಮ್ಮ ಮಕ್ಕಳ ಕಲ್ಪನೆಯಿಂದಲೇ ಮೂಡಿದಂಥವು. ನಮ್ಮ ಮಲೆನಾಡಿನ ಹೆಮ್ಮೆಯಾದ ಹಸೆ ಚಿತ್ತಾರವನ್ನು ಹತ್ತನೆಯ ತರಗತಿಯ ವಿದ್ಯಾರ್ಥಿನಿಯರು ಒಂಬತ್ತು ಫಲಕಗಳಲ್ಲಿ ಬಿಡಿಸಿದ್ದಾರೆ. ನಾಳಿನ ವೆಂಕಟಪ್ಪನವರು, ನಾಳಿನ ಹೆಬ್ಬಾರರು ಇಂದು ನಮ್ಮ ಮುಂದೆಯೇ ಕುಳಿತಿದ್ದಾರೆ."

ಇದಕ್ಕೆ ಮೊದಲು ಅತಿಥಿಗಳ ಹೆಸರುಗಳು, ಕೊನೆಗೆ ದಾನಿಗಳ ಹೆಸರುಗಳು ಬರುತ್ತವೆ. ಎಲ್ಲ ಸೇರಿ ಸುಮಾರು 800 ಪದ. ಏನನ್ನು ಬಿಡಲಿ, ಏನನ್ನು ಸೇರಿಸಲಿ?

ಕಾರ್ಯಕ್ರಮ ನಿರೂಪಕ, ಶಿವಮೊಗ್ಗ

ಮೇಡಂ, ನೂರಾರು ಶಾಲಾ ಸಮಾರಂಭಗಳನ್ನು ನಿರೂಪಿಸಿರುವ ಅನುಭವದಿಂದ ಹೇಳುತ್ತೇನೆ. ಅತಿಥಿಗಳ ಹೆಸರನ್ನು ಮಾತ್ರ ದಯವಿಟ್ಟು ಬಿಡಬೇಡಿ. ವೇದಿಕೆಯ ಮೇಲಿರುವ ಒಬ್ಬರ ಹೆಸರು ತಪ್ಪಿದರೂ ಅದರ ನೆನಪು ವರ್ಷಗಟ್ಟಲೆ ಉಳಿಯುತ್ತದೆ. ಅಧ್ಯಕ್ಷರು, ಉದ್ಘಾಟಕರು, ಮುಖ್ಯ ಅತಿಥಿಗಳು, ಶಾಲಾಭಿವೃದ್ಧಿ ಸಮಿತಿಯವರು, ದಾನಿಗಳು ಎಂಬ ಕ್ರಮದಲ್ಲಿ ಶಾಲೆಯ ಮುಖ್ಯಸ್ಥರೇ ಹೆಸರು ಹೇಳಿ ಸ್ವಾಗತಿಸಿದರೆ ಅದಕ್ಕೆ ಗೌರವ ಹೆಚ್ಚು. ಉಳಿದ ಮಾತು ಎಷ್ಟು ಬೇಕಾದರೂ ಚಿಕ್ಕದಾಗಲಿ.

ನಿವೃತ್ತ ಚಿತ್ರಕಲಾ ಶಿಕ್ಷಕ

ನಿರೂಪಕರ ಮಾತಿನಲ್ಲಿ ಅರ್ಧವನ್ನು ಒಪ್ಪುತ್ತೇನೆ. ಹೆಸರುಗಳು ಬರಲೇಬೇಕು, ತಪ್ಪಿದರೆ ಮನಸ್ಸು ನೋಯುತ್ತದೆ. ಆದರೆ ಅವು ಸ್ವಾಗತ ಭಾಷಣಕ್ಕೆ ಸೇರಿದವು. ಸ್ವಾಗತವನ್ನು ಬೇರೊಬ್ಬ ಶಿಕ್ಷಕರಿಗೆ ವಹಿಸಿ, ಪ್ರಾಸ್ತಾವಿಕ ನುಡಿಯನ್ನಷ್ಟೇ ಪ್ರಾಂಶುಪಾಲರು ಇಟ್ಟುಕೊಂಡರೆ ಅದೇ ಹೆಸರುಗಳು ಎರಡು ಬಾರಿ ಕೇಳಿಬರುವುದಿಲ್ಲ. ನಿಮ್ಮ ಕಡೆ ಈಗ ಸ್ವಾಗತ, ಪ್ರಾಸ್ತಾವಿಕ, ವಂದನೆ ಮೂರೂ ಒಂದೇ ಭಾಷಣದಲ್ಲಿ ಸೇರಿಕೊಂಡಿರುವಂತಿದೆ, ಅದರಿಂದಲೇ ಹನ್ನೊಂದು ನಿಮಿಷವಾಗಿರಬೇಕು. ಮೈಕಿನ ಮುಂದೆ ನಿಧಾನವಾಗಿ ಓದುವಾಗ ಕನ್ನಡದಲ್ಲಿ ನಿಮಿಷಕ್ಕೆ ಎಂಬತ್ತು ಪದ ಸಾಗಿದರೆ ಹೆಚ್ಚು, ಇದು ನಾನು ಗಡಿಯಾರ ಇಟ್ಟುಕೊಂಡು ನೋಡಿದ ಲೆಕ್ಕ. ಮೂರು ನಿಮಿಷದ ಮಾತು ಬೇಕಿದ್ದರೆ 240 ಪದಕ್ಕೆ ನಿಲ್ಲಿಸಿ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಪೋಷಕರು ಐದು ನಿಮಿಷದಲ್ಲಿ ಹೊರಬಂದದ್ದಕ್ಕೆ ಕಲೆಯ ಮೇಲೆ ಅವರಿಗೆ ಅನಾದರವಿತ್ತು ಎಂದು ನಾನು ತಿಳಿಯುವುದಿಲ್ಲ. ಚಿತ್ರದ ಮುಂದೆ ನಿಂತು ಏನನ್ನು ನೋಡಬೇಕು ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಆ ಕೆಲಸವನ್ನು ಮಾಡಲು ಎಲ್ಲರೂ ಒಟ್ಟಿಗೆ ಕುಳಿತಿರುವ ಸಮಯವೆಂದರೆ ನಿಮ್ಮ ಮಾತಿನ ಸಮಯ ಒಂದೇ. ನಿಮ್ಮ ಕರಡಿನಲ್ಲಿ 74 ಎಂಬ ಸಂಖ್ಯೆ ಇದೆ, ಆದರೆ ಕಣ್ಣಿಗೆ ಕಾಣುವ ಹಾಗೆ ಒಂದು ಚಿತ್ರವೂ ಇಲ್ಲ. ಆ ಭಾಷಣವನ್ನು ಯಾವ ಊರಿನ ಯಾವ ಶಾಲೆಯಲ್ಲಿ ಓದಿದರೂ ಹೊಂದುತ್ತದೆ. ಶುಕ್ರವಾರ ಸಂಜೆ ಚಿತ್ರಗಳೆಲ್ಲ ಗೋಡೆಗೆ ಏರಿದ ಮೇಲೆ, ಬರೆದ ಮಕ್ಕಳನ್ನು ಜೊತೆಗೆ ಕರೆದುಕೊಂಡು ಒಂದು ಸುತ್ತು ಹಾಕಿ. ಪ್ರತಿ ಮಗುವಿಗೂ ಒಂದೇ ಪ್ರಶ್ನೆ ಕೇಳಿ: "ಇದರಲ್ಲಿ ನಿನಗೆ ಕಷ್ಟವಾದದ್ದು ಯಾವ ಜಾಗ?" ಆ ಉತ್ತರಗಳಿಂದಲೇ ಭಾಷಣ ಬರುತ್ತದೆ.

"ನಾಳಿನ ವೆಂಕಟಪ್ಪ" ಎಂಬ ಮಾತನ್ನು ಕೈಬಿಡಿ ಎಂದು ಕೇಳಿಕೊಳ್ಳುತ್ತೇನೆ. ಹದಿನಾಲ್ಕು ವರ್ಷದ ಮಗುವಿನ ಹೆಗಲಿಗೆ ಅದು ಭಾರ. ಅಲ್ಲದೆ ವೆಂಕಟಪ್ಪನವರು ಯಾರು, ಏನು ಬರೆದರು ಎಂಬುದು ಸಭೆಯಲ್ಲಿ ಬಹಳ ಜನಕ್ಕೆ ತಿಳಿದಿರುವುದಿಲ್ಲ. ಅವರ ಹೆಸರನ್ನು ಎತ್ತಲೇಬೇಕೆಂದಿದ್ದರೆ ಗೋಡೆಯ ಮೇಲಿರುವ ಒಂದು ಚಿತ್ರಕ್ಕೆ ಜೋಡಿಸಿ ಹೇಳಿ. ನಿಮ್ಮಲ್ಲಿ ಜಲವರ್ಣದ ನಿಸರ್ಗ ಚಿತ್ರಗಳಿವೆಯೇ?

ಇನ್ನೊಂದು ಮಾತು. 74 ಚಿತ್ರಗಳೂ ಕಲ್ಪನೆಯಿಂದ ಬಂದವು ಎನ್ನುವುದು ನಿಜವಾಗಿರಲಾರದು. ಯಾವ ಶಾಲೆಯಲ್ಲೇ ಆಗಲಿ, ಕ್ಯಾಲೆಂಡರ್ ನೋಡಿ, ಮೊಬೈಲ್ ನೋಡಿ ಬರೆದವು ಬಹಳಷ್ಟು ಇರುತ್ತವೆ. ನೋಡಿ ಬರೆಯುವುದು ಕಲಿಕೆಯ ದಾರಿಯೇ ಆದ್ದರಿಂದ ಅದನ್ನು ಮುಚ್ಚಿಡಬೇಕಾಗಿಲ್ಲ. ಅಂಥ ಚಿತ್ರದ ಕೆಳಗೆ "ನೋಡಿ ಬರೆದದ್ದು" ಎಂಬ ಚೀಟಿ ಇದ್ದರೆ ಸಾಕು. ಕಲ್ಪನೆ ಎಂದು ನೀವು ಮೈಕಿನಲ್ಲಿ ಹೇಳಿದರೆ, ನೋಡಿ ಬರೆದ ಮಗು ಸಭೆಯಲ್ಲಿ ತಲೆತಗ್ಗಿಸಿ ಕೂರುತ್ತದೆ. ನಾನು ಇದನ್ನು ಕಂಡಿದ್ದೇನೆ.

ಕನ್ನಡ ಕಲಿ ಸ್ವಯಂಸೇವಕಿ, ನ್ಯೂಜೆರ್ಸಿ

ನಾವು ಇಲ್ಲಿ ವಾರಾಂತ್ಯದ ಕನ್ನಡ ಶಾಲೆಯಲ್ಲಿ ಇಂಥದೇ ಪ್ರದರ್ಶನ ಮಾಡುತ್ತೇವೆ. ಬಹುಮಾನದ ವಿಷಯದಲ್ಲಿ ನಮ್ಮ ಕ್ರಮ ಹೀಗಿದೆ: ಮೂವರು ತೀರ್ಪುಗಾರರು, ಚಿತ್ರದ ಹಿಂಬದಿಯಲ್ಲಿ ಹೆಸರು, ಮುಂದೆ ಸಂಖ್ಯೆ ಮಾತ್ರ. ಹೀಗೆ ಮಾಡಿದರೆ ಪಕ್ಷಪಾತದ ದೂರು ಬರುವುದಿಲ್ಲ. ನೀವು ಬಹುಮಾನಗಳನ್ನು ಭಾಷಣದ ಮೊದಲು ಘೋಷಿಸುತ್ತೀರೋ ನಂತರವೋ?

ಸಾಗರದ ಪ್ರಾಂಶುಪಾಲೆ

ಅಕ್ಕ, ನಮ್ಮಲ್ಲಿ ಬಹುಮಾನಗಳಿಲ್ಲ, ನನ್ನ ಪ್ರಶ್ನೆ ಆರಂಭದ ಮಾತಿನ ಬಗ್ಗೆ ಮಾತ್ರ. ಆದರೂ ಚಿತ್ರದ ಮುಂದೆ ಹೆಸರು ಬೇಕೋ ಬೇಡವೋ ಎಂಬ ಯೋಚನೆಯನ್ನು ನೀವು ಹುಟ್ಟಿಸಿದಿರಿ.

ಸರ್, ಜಲವರ್ಣದ ಚಿತ್ರಗಳು ಹನ್ನೆರಡು ಇವೆ. ಇವತ್ತೇ ಹೋಗಿ ಅವುಗಳ ಮುಂದೆ ನಿಂತು ನೋಡಿದೆ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಅಡಿಕೆ ಒಣಹಾಕಿದ ಅಂಗಳವನ್ನು ಬರೆದಿದ್ದಾನೆ. ಕಷ್ಟವಾದ ಜಾಗ ಯಾವುದೆಂದು ಕೇಳಿದ್ದಕ್ಕೆ ಅವನು ಏನೂ ಬಣ್ಣವಿಲ್ಲದ ಒಂದು ಪಟ್ಟಿಯನ್ನು ತೋರಿಸಿದ. ಬಿಸಿಲು ಬಿದ್ದ ಅಂಗಳವಂತೆ ಅದು. ಮೂರು ಸಲ ಬರೆದಾಗಲೂ ಬಣ್ಣ ಅಲ್ಲಿಗೆ ಹರಿದುಬಂದು ಕೆಟ್ಟಿತಂತೆ, ಇದು ನಾಲ್ಕನೆಯ ಹಾಳೆಯಂತೆ. ಅವನು ಹೇಳುವವರೆಗೆ ಆ ಜಾಗವನ್ನು ಬರೆಯದೆ ಬಿಟ್ಟಿದ್ದಾನೆ ಎಂದೇ ನಾನು ತಿಳಿದಿದ್ದೆ.

ನಿವೃತ್ತ ಚಿತ್ರಕಲಾ ಶಿಕ್ಷಕ

ಮೇಡಂ, ನಿಮ್ಮ ಭಾಷಣ ನಿಮಗೆ ಸಿಕ್ಕಿತು. ಪಾರದರ್ಶಕ ಜಲವರ್ಣದಲ್ಲಿ ಬಿಳಿಯ ಬಣ್ಣವನ್ನು ಹಚ್ಚುವುದಿಲ್ಲ, ಕಾಗದದ ಬಿಳುಪನ್ನೇ ಉಳಿಸಿಕೊಳ್ಳಬೇಕು. ಬಿಸಿಲು ಎಲ್ಲಿ ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡು, ಪಕ್ಕದ ಬಣ್ಣ ಹಸಿಯಿರುವಾಗ ಅತ್ತ ಹರಿಯದಂತೆ ಹಲಗೆಯನ್ನು ಓರೆಯಾಗಿ ಹಿಡಿದು ಕಾಯಬೇಕು. ತೈಲವರ್ಣದಲ್ಲಾದರೆ ತಪ್ಪಿನ ಮೇಲೆ ಮತ್ತೊಂದು ಪದರ ಹಚ್ಚಬಹುದು, ಇಲ್ಲಿ ಹರಿದದ್ದು ಹರಿದದ್ದೇ. ಅಗ್ಗದ ಡ್ರಾಯಿಂಗ್ ಹಾಳೆ ನೀರು ಕುಡಿದು ಅಲೆಅಲೆಯಾಗಿ ಏಳುತ್ತದೆ, ಬಣ್ಣ ಆ ತಗ್ಗುಗಳಿಗೆ ಹೋಗಿ ನಿಲ್ಲುತ್ತದೆ. ಹುಡುಗನ ಹಾಳೆಯ ಅಂಚು ಮೇಲೆದ್ದಿದೆಯೇ ನೋಡಿ. ಎದ್ದಿದ್ದರೆ ಅದನ್ನು ಇಸ್ತ್ರಿ ಮಾಡಲು ಹೋಗಬೇಡಿ, ಹಾಗೆಯೇ ಇರಲಿ, ಅವನು ಯಾವುದರೊಡನೆ ಸೆಣಸಿದ ಎಂಬುದನ್ನು ಅದೇ ತೋರಿಸುತ್ತದೆ.

ವೆಂಕಟಪ್ಪನವರ ಹೆಸರನ್ನು ಇಲ್ಲಿ ತನ್ನಿ. ಅವರು ಮೈಸೂರಿನಿಂದ ಕಲ್ಕತ್ತಕ್ಕೆ ಹೋಗಿ ಅವನೀಂದ್ರನಾಥ ಟಾಗೋರರ ಬಳಿ ಕಲಿತವರು. ಊಟಿಯ ಬೆಟ್ಟಗಳನ್ನೂ ಕೊಡೈಕೆನಾಲಿನ ನಿಸರ್ಗವನ್ನೂ ಜಲವರ್ಣದಲ್ಲಿ ಬರೆದವರು. ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿ ಅವರ ಹೆಸರಿನ ಗ್ಯಾಲರಿಯೇ ಇದೆ. "ನೀರಿನ ಬಣ್ಣದಲ್ಲಿ ಬೆಳಕು ಹಿಡಿಯುವ ಈ ಕಷ್ಟ ವೆಂಕಟಪ್ಪನವರಿಗೂ ಇತ್ತು" ಎಂದರೆ, ಹೋಲಿಕೆ ಕಷ್ಟಕ್ಕೆ ಸಲ್ಲುತ್ತದೆಯೇ ಹೊರತು ಮಗುವಿನ ಪ್ರತಿಭೆಗಲ್ಲ.

ಸೊರಬದ ಮೊಮ್ಮಗಳು

ಮೇಡಂ, ನಾನು ದೀವರ ಮನೆಯವಳು. ನಮ್ಮ ಅಜ್ಜಿ ಚಿತ್ತಾರ ಬರೆಯುತ್ತಿದ್ದರು, ಅಮ್ಮನೂ ಬರೆಯುತ್ತಾರೆ. ನಿಮ್ಮ ಕರಡಿನಲ್ಲಿ ಒಂಬತ್ತು ಹಸೆ ಚಿತ್ತಾರದ ಫಲಕಗಳೆಂದು ಓದಿ ಸಂತೋಷವಾಯಿತು, ಜೊತೆಗೆ ಒಂದು ಅನುಮಾನವೂ ಬಂತು. ಆ ಫಲಕಗಳಲ್ಲಿ ಮನುಷ್ಯರ ಮೈ ಹೇಗಿದೆ? ತುದಿಗೆ ತುದಿ ತಾಗಿದ ಎರಡು ತ್ರಿಕೋನಗಳಂತಿದೆಯೇ? ಜನ ಕೈಕೈ ಹಿಡಿದು ಸುರುಳಿಯಾಗಿ ಕುಣಿಯುತ್ತಿದ್ದು, ನಡುವೆ ಒಬ್ಬ ಉದ್ದನೆಯ ವಾದ್ಯ ಊದುತ್ತಿದ್ದಾನೆಯೇ?

ಸಾಗರದ ಪ್ರಾಂಶುಪಾಲೆ

ಹೌದು. ಕಂದು ಹಿನ್ನೆಲೆ, ಬಿಳಿಯ ಗೆರೆ. ಆರು ಫಲಕಗಳು ಹಾಗೆಯೇ ಇವೆ. ಉಳಿದ ಮೂರರಲ್ಲಿ ಚೌಕಟ್ಟುಗಳು, ಒತ್ತೊತ್ತಾಗಿ ಸಾಲುಗೆರೆಗಳು, ಒಳಗೆ ಸಣ್ಣ ಗೊಂಬೆಗಳಂತಹ ಜೋಡಿ ಇದೆ. ಅವುಗಳಲ್ಲಿ ಕೆಂಪು, ಕಪ್ಪು, ಹಳದಿಯೂ ಇವೆ.

ಸೊರಬದ ಮೊಮ್ಮಗಳು

ಹಾಗಾದರೆ ಆ ಆರು ವಾರ್ಲಿ ಚಿತ್ರಗಳು, ಮಹಾರಾಷ್ಟ್ರದ ವಾರ್ಲಿ ಜನರ ಕಲೆ. ಊದುತ್ತಿರುವ ವಾದ್ಯ ತಾರ್ಪಾ. ಜಿವ್ಯಾ ಸೋಮಾ ಮಾಶೆ ಅವರಿಂದ ಅದು ದೇಶದೆಲ್ಲೆಡೆ ಪರಿಚಯವಾಯಿತು. ಚೀಲ, ಲೋಟ, ಸೀರೆ, ಬಸ್ ನಿಲ್ದಾಣದ ಗೋಡೆ ಎಲ್ಲೆಡೆ ಅದೇ ಕಾಣುವುದರಿಂದ ಮಕ್ಕಳು ಜಾನಪದ ಚಿತ್ರವೆಂದರೆ ಅದೇ ಎಂದು ಬರೆಯುತ್ತಾರೆ. ಅದೂ ಸುಂದರವಾದ ಕಲೆ, ಬರೆದದ್ದರಲ್ಲಿ ತಪ್ಪೇನಿಲ್ಲ. ಆದರೆ ಸಾಗರದಲ್ಲಿ, ದೀವರ ಹೆಂಗಸರು ಕುಳಿತಿರುವ ಸಭೆಯಲ್ಲಿ, ಅದನ್ನು ಹಸೆ ಚಿತ್ತಾರ ಎಂದು ಪ್ರಾಂಶುಪಾಲರು ಹೇಳಿದರೆ ಅವರು ಎದುರು ಮಾತನಾಡುವುದಿಲ್ಲ, ಸುಮ್ಮನೆ ಮನೆಗೆ ಹೋಗಿಬಿಡುತ್ತಾರೆ. ನನಗೆ ಅದು ಬೇಸರದ ಸಂಗತಿ.

ನಮ್ಮ ಚಿತ್ತಾರದಲ್ಲಿ ಮುಖ್ಯವಾದದ್ದು ಗೆರೆ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅರೆದ ಅಕ್ಕಿಯ ಬಿಳಿ, ಹುರಿದು ಸೀಯಿಸಿದ ಅಕ್ಕಿಯ ಕಪ್ಪು, ಗುರಿಗೆಯ ಹಳದಿ. ಕುಂಚವೆಂದರೆ ಪುಂಡಿಯ ನಾರು. ಮದುವೆ ಮನೆಯಲ್ಲಿ ಹಸೆಗೋಡೆಗೆ ಬರೆಯುತ್ತೇವೆ, ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿಯ ಮೇಲೆ ಬರೆಯುತ್ತೇವೆ. ಅಕ್ಕಿ ಹಿಟ್ಟಿನ ಗೆರೆ ಹಸಿಯಿರುವಾಗ ಮಂಕಾಗಿ ಕಾಣುತ್ತದೆ, ಒಣಗುತ್ತಾ ಬೆಳ್ಳಗಾಗುತ್ತದೆ. ಹೊಸದಾಗಿ ಕಲಿಯುವವರು ಮೂಡಲಿಲ್ಲವೆಂದು ಮೇಲೆ ಮತ್ತೊಮ್ಮೆ ಎಳೆಯುತ್ತಾರೆ, ಒಣಗಿದ ಮೇಲೆ ನೋಡಿದರೆ ಗೆರೆ ದಪ್ಪವಾಗಿ, ಸಾಲು ಕೆಟ್ಟಿರುತ್ತದೆ. ಅಜ್ಜಿ ನನ್ನ ಕೈಯನ್ನು ಹಿಡಿದು ನಿಲ್ಲಿಸುತ್ತಿದ್ದುದು ಇದಕ್ಕೇ.

ಕಾರ್ಯಕ್ರಮ ನಿರೂಪಕ, ಶಿವಮೊಗ್ಗ

ನಾನು ಇದುವರೆಗೆ ಇವೆರಡನ್ನೂ ಒಂದೇ ಎಂದು ತಿಳಿದಿದ್ದೆ. ಎರಡರಲ್ಲಿಯೂ ಅಕ್ಕಿ ಹಿಟ್ಟು, ಎರಡೂ ಮಣ್ಣಿನ ಗೋಡೆಯ ಮೇಲಿನವು. ಇಂಥ ಸೂಕ್ಷ್ಮವನ್ನು ಸಭೆಯಲ್ಲಿ ಬಿಡಿಸಿ ಹೇಳುವ ಬದಲು "ಜಾನಪದ ಚಿತ್ರಗಳು" ಎಂದು ಒಟ್ಟಾಗಿ ಹೇಳಿಬಿಟ್ಟರೆ ಆಗದೇ? ಯಾರಿಗೂ ನೋವಾಗುವುದಿಲ್ಲ.

ಸೊರಬದ ಮೊಮ್ಮಗಳು

ಸರ್, ನೋವಾಗದಿರಬಹುದು. ಆದರೆ ಅಕ್ಕಪಕ್ಕದಲ್ಲಿ ಎರಡೂ ಇರುವಾಗ, ವ್ಯತ್ಯಾಸವನ್ನು ಕಣ್ಣಿನಿಂದಲೇ ನೋಡಿ ತಿಳಿಯುವ ಅವಕಾಶ ಜನರಿಗೆ ಇನ್ನೆಲ್ಲಿ ಸಿಗುತ್ತದೆ? ಎರಡು ವಾಕ್ಯ ಸಾಕು.

ಒಬ್ಬ ತಾಯಿ, ದಾವಣಗೆರೆ

ನನ್ನದೊಂದು ಅನುಭವ ಹೇಳಬೇಕೆನಿಸಿತು. ಮೂರು ವರ್ಷಗಳ ಹಿಂದೆ ನನ್ನ ಮಗಳ ಶಾಲೆಯ ಪ್ರದರ್ಶನದಲ್ಲಿ ಮುಖ್ಯಸ್ಥರು ಅವಳ ಚಿತ್ರದ ಬಗ್ಗೆಯೇ ಮಾತನಾಡಿದರು. ಖಾಲಿ ಕುರ್ಚಿಯ ಚಿತ್ರ ಅದು. "ಈ ಮಗು ತಂದೆಯನ್ನು ಕಳೆದುಕೊಂಡ ದುಃಖವನ್ನು ಹೀಗೆ ಬರೆದಿದ್ದಾಳೆ" ಎಂದು ಮೈಕಿನಲ್ಲಿ ಹೇಳಿದರು. ಸಭೆಯಲ್ಲಿ ಕೆಲವರು ಕಣ್ಣೊರೆಸಿಕೊಂಡರು. ಹೇಳಿದವರ ಮನಸ್ಸಿನಲ್ಲಿ ಕರುಣೆಯೇ ಇತ್ತು, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಮಗಳು ಬರೆದದ್ದು ಚಿತ್ರಕಲಾ ಕೊಠಡಿಯ ಕುರ್ಚಿಯನ್ನು, ವಸ್ತು ಚಿತ್ರದ ಅಭ್ಯಾಸಕ್ಕಾಗಿ. ಕಾಲುಗಳ ಓರೆ ಸರಿಬಂದಿತೆಂದು ಅವಳಿಗೆ ಹೆಮ್ಮೆಯಿತ್ತು. ಅಂದಿನಿಂದ ಅವಳು ಶಾಲೆಗೆ ಚಿತ್ರ ಕೊಡುವುದನ್ನೇ ನಿಲ್ಲಿಸಿದಳು, ಮನೆಯಲ್ಲಿ ಮಾತ್ರ ಬರೆಯುತ್ತಾಳೆ. ದಯವಿಟ್ಟು ಮಗುವಿನ ಮನೆಯ ವಿಷಯವನ್ನು ಚಿತ್ರದೊಳಗೆ ಓದಬೇಡಿ.

ನಿವೃತ್ತ ಚಿತ್ರಕಲಾ ಶಿಕ್ಷಕ

ಅಮ್ಮಾ, ನಿಮ್ಮ ಮಾತು ಓದಿ ಬಹಳ ಹೊತ್ತು ಸುಮ್ಮನೆ ಕುಳಿತೆ. ನಾನೂ ಒಂದೆರಡು ಬಾರಿ ಹೀಗೆ ಮಾಡಿರಬಹುದು. ಚಿತ್ರದ ಬಗ್ಗೆ ಹೇಳುವಾಗ ಹಾಳೆಯ ಮೇಲೆ ಕಾಣುವುದನ್ನೂ ಕೈಯಿಂದ ಮಾಡಿದ್ದನ್ನೂ ಹೇಳಬೇಕು. ಮಗುವಿನ ಮನಸ್ಸಿನಲ್ಲಿ ಏನಿತ್ತೆಂದು ನಾವು ಊಹಿಸಬಾರದು. ಏನು ಹೇಳಲಿದ್ದೇವೆ ಎಂಬುದನ್ನು ಹಿಂದಿನ ದಿನವೇ ಆ ಮಗುವಿಗೆ ಓದಿ ತೋರಿಸಿ, ಮಗು ಬೇಡವೆಂದರೆ ಬಿಡಬೇಕು. ನಿಮ್ಮ ಮಗಳ ಕುರ್ಚಿಯ ಕಾಲುಗಳ ಬಗ್ಗೆ ಅಂದು ಯಾರಾದರೂ ಮಾತನಾಡಬೇಕಿತ್ತು.

ಸಾಗರದ ಪ್ರಾಂಶುಪಾಲೆ

ಎಲ್ಲರ ಮಾತನ್ನೂ ಮುಂದಿಟ್ಟುಕೊಂಡು ಹೊಸದಾಗಿ ಬರೆದೆ. ಸ್ವಾಗತವನ್ನು ಕನ್ನಡ ಶಿಕ್ಷಕರಿಗೂ ವಂದನೆಯನ್ನು ದೈಹಿಕ ಶಿಕ್ಷಕರಿಗೂ ಒಪ್ಪಿಸಿದ್ದೇನೆ. ಆ ಹುಡುಗನಿಗೂ ಮೂರು ಚಿತ್ತಾರಗಳನ್ನು ಬರೆದ ಹುಡುಗಿಯರಿಗೂ ಓದಿ ತೋರಿಸಿ ಒಪ್ಪಿಗೆ ಪಡೆದಿದ್ದೇನೆ. ಹುಡುಗಿಯರು ಪೋಸ್ಟರ್ ಬಣ್ಣ ಬಳಸಿದ್ದಾರೆ, ಆದರೆ ಅವರಲ್ಲಿ ಒಬ್ಬಳ ಅಜ್ಜಿ ಕಲಿಸಿದ್ದಾರೆ ಎಂಬುದು ಕೇಳಿದ ಮೇಲೆಯೇ ತಿಳಿಯಿತು.

"ಎಲ್ಲರಿಗೂ ನಮಸ್ಕಾರ. ಒಳಗೆ 74 ಚಿತ್ರಗಳಿವೆ. ಎಲ್ಲವನ್ನೂ ಒಂದೇ ದಿನ ನೋಡಿ ಮುಗಿಸಬೇಕೆಂದಿಲ್ಲ, ನಾಳೆಯೂ ಬಾಗಿಲು ತೆರೆದಿರುತ್ತದೆ. ಇವತ್ತು ಎರಡು ಕಡೆ ಸ್ವಲ್ಪ ಹೊತ್ತು ನಿಲ್ಲಿ ಎಂದು ಕೇಳಿಕೊಳ್ಳುತ್ತೇನೆ.

ಮೊದಲ ಕೊಠಡಿಯ ಕಿಟಕಿಯ ಪಕ್ಕದಲ್ಲಿ ಅಡಿಕೆ ಒಣಹಾಕಿದ ಅಂಗಳದ ಚಿತ್ರವಿದೆ. ಅದರ ಮಧ್ಯದಲ್ಲಿ ಬಣ್ಣವಿಲ್ಲದ ಒಂದು ಪಟ್ಟಿ ಕಾಣುತ್ತದೆ. ಬರೆಯುವುದನ್ನು ಮರೆತು ಬಿಟ್ಟ ಜಾಗವಲ್ಲ ಅದು, ಬಿಸಿಲು. ನೀರಿನ ಬಣ್ಣದಲ್ಲಿ ಬೆಳಕನ್ನು ಹಚ್ಚಲು ಬರುವುದಿಲ್ಲ, ಕಾಗದವನ್ನೇ ಉಳಿಸಬೇಕು. ಮೂರು ಹಾಳೆಗಳಲ್ಲಿ ಬಣ್ಣ ಅಲ್ಲಿಗೆ ಹರಿಯಿತು, ನಾಲ್ಕನೆಯದರಲ್ಲಿ ಉಳಿಯಿತು. ಕೆಟ್ಟ ಮೂರು ಹಾಳೆಗಳನ್ನೂ ಪಕ್ಕದಲ್ಲಿಯೇ ತೂಗುಹಾಕಿದ್ದೇವೆ. ಕೆ. ವೆಂಕಟಪ್ಪನವರು ಊಟಿಯ ಬೆಟ್ಟಗಳನ್ನು ಬರೆದದ್ದೂ ಇದೇ ನೀರಿನ ಬಣ್ಣದಲ್ಲಿ.

ಎರಡನೆಯದು ಜಗಲಿಯ ಗೋಡೆ. ಎಡಗಡೆಯ ಆರು ಫಲಕಗಳು ಮಹಾರಾಷ್ಟ್ರದ ವಾರ್ಲಿ ಶೈಲಿಯವು, ಮಕ್ಕಳು ಚಿತ್ರಗಳನ್ನು ನೋಡಿ ಕಲಿತವು. ಬಲಗಡೆಯ ಮೂರು ನಮ್ಮ ದೀವರ ಚಿತ್ತಾರ, ಮನೆಯಲ್ಲಿ ಅಜ್ಜಿಯಿಂದ ಕಲಿತದ್ದು. ವಾರ್ಲಿಯಲ್ಲಿ ಮನುಷ್ಯರ ಮೈಯನ್ನು ನೋಡಿ, ಎರಡು ತ್ರಿಕೋನಗಳು. ಚಿತ್ತಾರದಲ್ಲಿ ಗೆರೆಗಳ ಸಾಲನ್ನು ನೋಡಿ, ಎರಡು ಗೆರೆಗಳ ನಡುವಿನ ಅಂತರ ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮನಾಗಿದೆಯೇ ಎಂದು ಗಮನಿಸಿ. ಈ ಗೆರೆಗಳನ್ನು ನಮಗಿಂತ ಚೆನ್ನಾಗಿ ಬಲ್ಲ ಹಿರಿಯರು ಈ ಸಭೆಯಲ್ಲಿಯೇ ಇದ್ದಾರೆ. ತಪ್ಪು ಕಂಡರೆ ಮಕ್ಕಳಿಗೆ ಹೇಳಿಕೊಡಿ.

ಚಿತ್ರಗಳ ಹತ್ತಿರ ಬರೆದ ಮಕ್ಕಳು ನಿಂತಿರುತ್ತಾರೆ. ಚೆನ್ನಾಗಿದೆ ಎಂದು ಹೇಳುವುದರ ಜೊತೆಗೆ, ಯಾವ ಜಾಗ ಕಷ್ಟವಾಯಿತೆಂದು ಅವರನ್ನು ಕೇಳಿ. ಬನ್ನಿ, ಒಳಗೆ ಹೋಗೋಣ."

ಗಟ್ಟಿಯಾಗಿ ಓದಿದೆ, ಎರಡು ನಿಮಿಷ ನಲವತ್ತು ಸೆಕೆಂಡು ಹಿಡಿಯಿತು. ಒಂದು ಪ್ರಶ್ನೆ ಉಳಿದಿದೆ. ಮಕ್ಕಳ ಹೆಸರನ್ನು ಮೈಕಿನಲ್ಲಿ ಹೇಳಬೇಕೇ? ಈ ಕರಡಿನಲ್ಲಿ ಬಿಟ್ಟಿದ್ದೇನೆ.

ಕಾರ್ಯಕ್ರಮ ನಿರೂಪಕ, ಶಿವಮೊಗ್ಗ

ಹೇಳಲೇಬೇಕು ಮೇಡಂ. ಆ ಹುಡುಗ ನಾಲ್ಕು ಹಾಳೆ ಬರೆದಿದ್ದಾನೆ. ಅವನ ಹೆಸರನ್ನು ಧ್ವನಿವರ್ಧಕದಲ್ಲಿ ಕೇಳಿದ ತಂದೆ ತಾಯಿಗೆ ಅದು ಜೀವನಪೂರ್ತಿ ನೆನಪಿರುತ್ತದೆ. ಅತಿಥಿಗಳ ಹೆಸರಿನ ಬಗ್ಗೆ ನಾನು ಹೇಳಿದ್ದನ್ನು ಹಿಂತೆಗೆದುಕೊಳ್ಳಬಲ್ಲೆ, ಇದನ್ನಲ್ಲ.

ನಿವೃತ್ತ ಚಿತ್ರಕಲಾ ಶಿಕ್ಷಕ

ಇದರಲ್ಲಿ ನನ್ನ ಅಭಿಪ್ರಾಯ ಬೇರೆ. ಎರಡು ಹೆಸರು ಹೇಳಿದರೆ ಉಳಿದ ಮಕ್ಕಳು ತಮ್ಮದನ್ನು ಯಾಕೆ ಹೇಳಲಿಲ್ಲ ಎಂದು ಕೇಳಿಕೊಳ್ಳುತ್ತಾರೆ. ಬಹುಮಾನವಿಲ್ಲದ ಪ್ರದರ್ಶನದಲ್ಲಿ ಪ್ರಾಂಶುಪಾಲರ ಬಾಯಿಂದ ಬಂದ ಹೆಸರೇ ಬಹುಮಾನವಾಗಿಬಿಡುತ್ತದೆ. ಹೆಸರು ಚಿತ್ರದ ಕೆಳಗಿನ ಚೀಟಿಯಲ್ಲಿರಲಿ, ನೋಡಲು ಹೋದವರಿಗೆ ಅಲ್ಲಿಯೇ ಸಿಗುತ್ತದೆ. ಕೆಟ್ಟ ಹಾಳೆಗಳನ್ನೂ ತೂಗುಹಾಕುವ ನಿಮ್ಮ ಯೋಚನೆ ನನಗೆ ಹೊಳೆದಿರಲಿಲ್ಲ, ಅದಕ್ಕೂ ಹುಡುಗನ ಒಪ್ಪಿಗೆ ಇದೆಯಲ್ಲವೇ?

ಒಬ್ಬ ತಾಯಿ, ದಾವಣಗೆರೆ

ನನ್ನ ಮಗಳನ್ನೇ ಕೇಳಿದೆ. ಹೆಸರು ಹೇಳಿದರೆ ತನಗೆ ಬೇಸರವಿಲ್ಲ, ಆದರೆ ಹೇಳುವ ಮಾತು ಚಿತ್ರದ ಬಗ್ಗೆಯೇ ಇರಬೇಕು ಎಂದಳು. ಅವಳ ವಯಸ್ಸಿನ ಬೇರೆ ಮಕ್ಕಳು ಬೇರೆ ರೀತಿ ಹೇಳಬಹುದು.

ಸೊರಬದ ಮೊಮ್ಮಗಳು

ನಿಮ್ಮ ಭಾಷಣದಲ್ಲಿ "ನಮ್ಮ ದೀವರ ಚಿತ್ತಾರ" ಎಂಬ ಪದ ನೋಡಿ ಅಮ್ಮನಿಗೆ ಓದಿ ಹೇಳಿದೆ. ಪೋಸ್ಟರ್ ಬಣ್ಣದಲ್ಲಿ ಬರೆದದ್ದನ್ನು ಚಿತ್ತಾರ ಎನ್ನಬಹುದೇ ಎಂದು ಅವರಿಗೆ ಸ್ವಲ್ಪ ಅನುಮಾನ. ಬಣ್ಣ ಯಾವುದಾದರೇನು, ಗೆರೆ ಸರಿಯಿದ್ದರೆ ಸರಿ ಎಂದು ನನ್ನ ವಾದ. ನಮ್ಮ ಮನೆಯಲ್ಲಿಯೇ ಇದು ತೀರ್ಮಾನವಾಗಿಲ್ಲ. ಚೀಟಿಯಲ್ಲಿ "ಪೋಸ್ಟರ್ ಬಣ್ಣ, ರಟ್ಟಿನ ಮೇಲೆ" ಎಂದು ಬರೆಸಿದರೆ ನೋಡುವವರೇ ತಿಳಿದುಕೊಳ್ಳುತ್ತಾರೆ.

ಸಾಗರದ ಪ್ರಾಂಶುಪಾಲೆ

ಸರ್, ಹಾಳೆಗಳನ್ನು ತೂಗುಹಾಕಲು ಹುಡುಗ ಒಪ್ಪಿದ್ದಾನೆ, ಆದರೆ ಮೂರರಲ್ಲಿ ಒಂದನ್ನು ಬೇಡವೆಂದ, ಎರಡನ್ನು ಮಾತ್ರ ಹಾಕುತ್ತೇವೆ. ಭಾಷಣದಲ್ಲಿಯೂ ಹಾಗೆಯೇ ತಿದ್ದಿಕೊಂಡೆ. ವಾರ್ಲಿ ಫಲಕಗಳ ಚೀಟಿಗಳನ್ನು ಬರೆದ ಹುಡುಗಿಯರೇ ಕುಳಿತು ಹೊಸದಾಗಿ ಬರೆಯುತ್ತಿದ್ದಾರೆ. ಚಿತ್ತಾರ ಕಲಿಸಿದ ಅಜ್ಜಿಯನ್ನು ಕರೆಯಲು ನಿನ್ನೆ ಅವರ ಮನೆಗೆ ಹೋಗಿದ್ದೆ. ವೇದಿಕೆಗೆ ಬರುವುದಿಲ್ಲ, ಜಗಲಿಯಲ್ಲಿ ಆ ಮೂರು ಫಲಕಗಳ ಹತ್ತಿರ ಒಂದು ಕುರ್ಚಿ ಹಾಕಿಸಿದರೆ ಬಂದು ಕೂರುತ್ತೇನೆ ಎಂದರು. ಹಾಕಿಸುತ್ತಿದ್ದೇನೆ. ಮಕ್ಕಳ ಹೆಸರಿನ ವಿಷಯವನ್ನು ಶುಕ್ರವಾರ ಸಂಜೆ ಆ ಮಕ್ಕಳನ್ನೇ ಕೇಳಿ ನಿರ್ಧರಿಸುತ್ತೇನೆ.